ಹೊಸ ಜಾಲತಾಣವೂ ಉದ್ದ ಬಾಲದ ಪ್ರಶ್ನೆಗಳೂ

ಶೋಧಯಂತ್ರದ ಪೆಟ್ಟಿಗೆಯಲ್ಲಿ 'ಕರಿಬೇವು' ಎಂದು ಬರೆದು ಗುಂಡಿಯನ್ನೊತ್ತಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರಗಳ ಒಂದು ಪಟ್ಟಿ ನಮ್ಮ ಮುಂದೆ ನಿಲ್ಲುತ್ತದೆ. ಅದರ ಮೊದಲ ಪುಟದಲ್ಲಿ ಸುಮಾರು ಹತ್ತು ಸ್ಥಾನಗಳಿರುತ್ತವೆ. ನಮ್ಮಲ್ಲಿ ಬಹುಮಂದಿ ಆ ಹತ್ತರಲ್ಲಿಯೂ ಮೇಲಿನ ಮೂರು ನಾಲ್ಕನ್ನು ನೋಡಿ ತೃಪ್ತರಾಗುತ್ತೇವೆ. ಎರಡನೆಯ ಪುಟಕ್ಕೆ ಹೋಗುವವರು ವಿರಳ. ಹೀಗಿರುವಲ್ಲಿ ಹನ್ನೊಂದನೆಯ ಸ್ಥಾನದಲ್ಲಿರುವ ಲೇಖನವೂ ಹನ್ನೊಂದು ಸಾವಿರದನೆಯ ಸ್ಥಾನದಲ್ಲಿರುವ ಲೇಖನವೂ ಓದುಗನ ಪಾಲಿಗೆ ಹೆಚ್ಚುಕಡಮೆ ಒಂದೇ.

ಬೆಂಗಳೂರಿನ ಒಬ್ಬ ಕಾಲೇಜು ವಿದ್ಯಾರ್ಥಿನಿ ತಾರಸಿಯ ಮೇಲೆ ಕುಂಡಗಳಲ್ಲಿ ಗಿಡಗಳನ್ನು ಬೆಳೆಸುತ್ತಾಳೆಂದೂ, ತನ್ನ ಅನುಭವವನ್ನು ಬರೆಯಲು ಚಿಕ್ಕದೊಂದು ಬ್ಲಾಗನ್ನು ತೆರೆದಿದ್ದಾಳೆಂದೂ ಭಾವಿಸೋಣ. ಓದಿನ ನಡುವೆ ಅವಳು ತಿಂಗಳಿಗೆ ಎರಡು ಲೇಖನ ಬರೆಯಬಲ್ಲಳು, ವರ್ಷಕ್ಕೆ ಇಪ್ಪತ್ತನಾಲ್ಕು. ಮೊದಲನೆಯದಕ್ಕೆ 'ಕರಿಬೇವು ಬೆಳೆಯುವ ವಿಧಾನ' ಎಂಬ ಶೀರ್ಷಿಕೆ ಕೊಟ್ಟು ಶ್ರದ್ಧೆಯಿಂದ ಬರೆದಳು. ಮೂರು ತಿಂಗಳು ಕಳೆದರೂ ಅವಳ ಗೆಳತಿಯರ ಹೊರತು ಯಾರೂ ಅದನ್ನು ಓದಲಿಲ್ಲ. ಲೇಖನದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ವಿಷಯದ ಆಯ್ಕೆಯಲ್ಲಿ. ಉಳಿದ ಇಪ್ಪತ್ತಮೂರನ್ನೂ ಅವಳು ಹೀಗೆಯೇ ಆರಿಸಿದರೆ ಒಂದು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗುವುದು ಖಂಡಿತ. ಹಾಗಾದರೆ ಅವಳು ಯಾವ ಪ್ರಶ್ನೆಗಳನ್ನು ಆರಿಸಬೇಕು? ಅವುಗಳನ್ನು ಪತ್ತೆಹಚ್ಚುವುದು ಹೇಗೆ?

ಮೊದಲು ಅವಳ ಲೇಖನ ಹಿಂದೆ ಬಿದ್ದುದರ ಕಾರಣವನ್ನು ನೋಡೋಣ. ೧೯೯೮ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬುವರು ಒಂದು ಉಪಾಯವನ್ನು ಪ್ರಕಟಿಸಿದರು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಯನ್ನು ಹಾಕಿದ್ದರೆ, ಅದನ್ನು ಮೊದಲನೆಯದು ಎರಡನೆಯದಕ್ಕೆ ಕೊಟ್ಟ ಒಂದು ಮತವೆಂದು ಎಣಿಸಬೇಕು. ಹೆಚ್ಚು ಮತ ಪಡೆದ ಪುಟದ ಮತಕ್ಕೆ ಹೆಚ್ಚು ತೂಕವಿರಬೇಕು. ಈ ಎಣಿಕೆಯ ಮೇಲೆಯೇ ಗೂಗಲ್ ಸಂಸ್ಥೆ ಹುಟ್ಟಿತು. ಇಂದು ಗೂಗಲ್ ಗಮನಿಸುವ ಅಂಶಗಳು ಅನೇಕವಿದ್ದರೂ ಕೊಂಡಿಗಳ ತೂಕ ಅವುಗಳಲ್ಲಿ ಒಂದಾಗಿ ಉಳಿದಿದೆ. ಹಳೆಯ ಪತ್ರಿಕೆಗಳಿಗೂ ಕೃಷಿ ಸಂಸ್ಥೆಗಳಿಗೂ ದೊಡ್ಡ ಅಂಗಡಿಗಳಿಗೂ ಸಾವಿರಾರು ಕಡೆಗಳಿಂದ ಕೊಂಡಿಗಳಿವೆ. ನಮ್ಮ ವಿದ್ಯಾರ್ಥಿನಿಯ ತಾಣಕ್ಕೆ ಒಂದೂ ಇಲ್ಲ. ಇಬ್ಬರೂ ಒಂದೇ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ಕೊಟ್ಟಾಗ ಯಂತ್ರವು ಮನ್ನಣೆಯುಳ್ಳವರನ್ನು ಮುಂದೆ ನಿಲ್ಲಿಸುವುದು ಸಹಜವೇ ಸರಿ.

ಈ ಮನ್ನಣೆಯನ್ನು ನೂರಕ್ಕೆ ಇಷ್ಟು ಎಂದು ಅಳೆದು ಹೇಳುವ ವಾಣಿಜ್ಯ ಸಂಸ್ಥೆಗಳಿವೆ. ಮಾಝ್ ಎಂಬ ಸಂಸ್ಥೆಯ 'ಡೊಮೇನ್ ಅಥಾರಿಟಿ' ಅಂಥದೊಂದು ಅಂಕ. ಅದು ಆ ಸಂಸ್ಥೆಯ ಅಂದಾಜೇ ಹೊರತು ಗೂಗಲಿನ ಅಳತೆಯಲ್ಲ. ಅಂಕ ಏರಿತೇ ಇಳಿಯಿತೇ ಎಂದು ದಿನವೂ ನೋಡುತ್ತ ಕೂರುವುದು ಕಾಲಹರಣವೆಂದೇ ನಮ್ಮ ಅಭಿಪ್ರಾಯ.

ಇನ್ನು ಬಾಲದ ವಿಚಾರ. ಜನರು ಶೋಧಯಂತ್ರಕ್ಕೆ ಬರೆಯುವ ಮಾತುಗಳನ್ನು ಕೀವರ್ಡ್‌ಗಳೆನ್ನುತ್ತಾರೆ. ಅವುಗಳನ್ನು ಎಷ್ಟು ಸಲ ಕೇಳಲಾಯಿತೆಂಬ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಕ್ಷೆಯೊಂದನ್ನು ಎಳೆದರೆ, ಎಡಗಡೆಯಲ್ಲಿ ಎತ್ತರವಾದ ತಲೆ ಕಾಣುತ್ತದೆ: ಕೋಟ್ಯಂತರ ಸಲ ಕೇಳಿದ ಕೆಲವೇ ಮಾತುಗಳು. ಬಲಕ್ಕೆ ಸರಿದಂತೆ ರೇಖೆ ಧುಮುಕುತ್ತದೆ. ಆದರೆ ನೆಲವನ್ನು ಮುಟ್ಟುವುದಿಲ್ಲ. ತಿಂಗಳಿಗೆ ಹತ್ತು ಸಲ, ಎರಡು ಸಲ, ವರ್ಷಕ್ಕೊಮ್ಮೆ ಕೇಳಿದ ಅಸಂಖ್ಯ ಮಾತುಗಳು ಮೈಲುಗಟ್ಟಲೆ ಹಬ್ಬಿಕೊಂಡಿರುತ್ತವೆ. ಇಂಥ ಆಕೃತಿಗೆ 'ಉದ್ದ ಬಾಲ' ಎಂಬ ಹೆಸರನ್ನು ಜನಪ್ರಿಯಗೊಳಿಸಿದವನು ಕ್ರಿಸ್ ಆಂಡರ್ಸನ್ ಎಂಬ ಪತ್ರಿಕಾ ಸಂಪಾದಕ. ೨೦೦೪ರ ಒಂದು ಲೇಖನದಲ್ಲಿ ಅವನು ಪುಸ್ತಕ ಮತ್ತು ಸಂಗೀತದ ಮಾರಾಟವನ್ನು ಕುರಿತು ಇದನ್ನು ಬಳಸಿದನು. ಹುಡುಕಾಟದ ಬಾಲ ಎಷ್ಟು ಉದ್ದವೆಂದರೆ, ಗೂಗಲ್ ತಾನೇ ಹಲವು ಸಲ ತಿಳಿಸಿರುವಂತೆ, ಪ್ರತಿದಿನವೂ ಅದಕ್ಕೆ ಬರುವ ಹುಡುಕಾಟಗಳಲ್ಲಿ ಶೇಕಡ ಸುಮಾರು ೧೫ರಷ್ಟು ಅದು ಹಿಂದೆಂದೂ ಕಾಣದವು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಿವಾರಿಸಿಕೊಳ್ಳಬೇಕು. ಮೊದಲನೆಯದು, ಪದಗಳು ಹೆಚ್ಚಾಗಿದ್ದರೆ ಅದು ಬಾಲದ ಪ್ರಶ್ನೆ ಎಂಬುದು. 'ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನ ಸಮಯ' ಎಂಬುದರಲ್ಲಿ ಐದು ಪದಗಳಿವೆ. ಆದರೆ ಅದನ್ನು ಕೇಳುವವರು ಅಪಾರ. ಅಪರೂಪದ ಒಂದು ಕೀಟದ ಹೆಸರು ಒಂದೇ ಪದವಾದರೂ ಬಾಲದ ತುದಿಯಲ್ಲಿರಬಹುದು. ಬಾಲವೆಂಬುದು ವಿರಳತೆಯ ಹೆಸರು. ಉದ್ದವಾಗಿರುವುದು ನಕ್ಷೆ, ವಾಕ್ಯವಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಹೊಸಬರು ಎಡವುವುದು ಇಲ್ಲಿಯೇ. ವಿರಳವಾದ ಮಾತುಗಳಲ್ಲಿ ಎರಡು ಜಾತಿಗಳಿವೆ. 'ಮನೆಯಲ್ಲಿ ಸುಲಭವಾಗಿ ಕರಿಬೇವಿನ ಗಿಡ ಬೆಳೆಸುವುದು ಹೇಗೆ' ಎಂದು ಇದೇ ಪದಗಳಲ್ಲಿ ಕೇಳುವವರು ಹೆಚ್ಚಿಲ್ಲ. ಆದರೆ ಇದು ಹೊಸ ಪ್ರಶ್ನೆಯೇನೂ ಅಲ್ಲ; 'ಕರಿಬೇವು ಬೆಳೆಯುವ ವಿಧಾನ' ಎಂಬ ಹಳೆಯ ದೊಡ್ಡ ಪ್ರಶ್ನೆಯೇ ಬೇರೆ ಅಂಗಿ ತೊಟ್ಟು ಬಂದಿದೆ. ಪದಗಳ ಹಿಂದಿರುವ ಅರ್ಥವನ್ನು ಗ್ರಹಿಸುವ ಶಕ್ತಿ ಇಂದಿನ ಶೋಧಯಂತ್ರಕ್ಕೆ ಸಾಕಷ್ಟಿರುವುದರಿಂದ ಅದು ಎರಡಕ್ಕೂ ಅವೇ ಪುಟಗಳನ್ನು ತೋರಿಸುತ್ತದೆ. ಬಾಲದ ಮಾತೆಂದು ನಂಬಿ ಬರೆದವಳು ಮತ್ತೆ ಅದೇ ಘಟಾನುಘಟಿಗಳನ್ನು ಎದುರಿಸಬೇಕಾಗುತ್ತದೆ. ಎರಡನೆಯ ಜಾತಿ ಹಾಗಲ್ಲ. 'ಬೋರ್ ನೀರು ಹಾಕಿದ ಕರಿಬೇವಿನ ಹೊಸ ಚಿಗುರು ಹಳದಿ' ಎಂಬುದಕ್ಕೆ ತನ್ನದೇ ಆದ ಉತ್ತರ ಬೇಕು. ನಮಗೆ ಬೇಕಾದುದು ಈ ಜಾತಿ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಅತಿ ಸರಳ. ಎರಡು ಮಾತುಗಳನ್ನೂ ಒಂದಾದ ಮೇಲೊಂದರಂತೆ ಹುಡುಕಿ ಮೊದಲ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹತ್ತರಲ್ಲಿ ಆರೇಳು ಪುಟಗಳು ಎರಡರಲ್ಲಿಯೂ ಇದ್ದರೆ ಯಂತ್ರದ ಪಾಲಿಗೆ ಅದು ಒಂದೇ ಪ್ರಶ್ನೆ. ಒಂದೋ ಎರಡೋ ಮಾತ್ರ ಸಮಾನವಾಗಿದ್ದರೆ ಬೇರೆ ಪ್ರಶ್ನೆ. ನಿಮ್ಮ ಹಿಂದಿನ ಹುಡುಕಾಟಗಳ ನೆರಳು ಬೀಳದಂತೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಇದನ್ನು ಮಾಡುವುದು ಒಳ್ಳೆಯದು.

ಈಗ ನಮ್ಮ ವಿದ್ಯಾರ್ಥಿನಿಯ ಕೆಲಸಕ್ಕೆ ಕೈಹಾಕೋಣ. ಅವಳು ಮೊದಲು ಪ್ರಶ್ನೆಗಳನ್ನು ಕೂಡಿಹಾಕಬೇಕು. ಇದಕ್ಕೆ ಅತ್ಯುತ್ತಮ ಮೂಲ ಯಾವ ಯಂತ್ರವೂ ಅಲ್ಲ. ನೆರೆಮನೆಯವರು ಮತ್ತು ನರ್ಸರಿಯ ಮಾಲಿ. 'ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿದರೆ ನಿಜಕ್ಕೂ ಚಿಗುರುತ್ತದೆಯೆ?', 'ಎಲೆಯೆಲ್ಲ ಉದುರಿ ಕಡ್ಡಿಯಾಗಿದೆ, ಬುಡಕ್ಕೆ ಕತ್ತರಿಸಲೆ?' ಎಂದು ಜನ ಕೇಳುವ ಮಾತುಗಳನ್ನು ಕೇಳಿದ ಹಾಗೆಯೇ ಬರೆದುಕೊಳ್ಳಬೇಕು. ಅನಂತರ ಶೋಧಪೆಟ್ಟಿಗೆಯಲ್ಲಿ 'ಕರಿಬೇವು ಗಿಡ' ಎಂದಷ್ಟೇ ಬರೆದು ಒಂದು ಅಂತರ ಬಿಟ್ಟು ಕಾಯಬೇಕು. ಕೆಳಗೆ ಸೂಚನೆಗಳ ಸಾಲು ಇಳಿಯುತ್ತದೆ. ಅವು ಯಂತ್ರದ ಕಲ್ಪನೆಯಲ್ಲ, ಬಹುಪಾಲು ಜನರು ನಿಜವಾಗಿ ಕೇಳಿದ ಮಾತುಗಳೇ. ಒಂದೊಂದೇ ಅಕ್ಷರವನ್ನು ಮುಂದೆ ಸೇರಿಸುತ್ತ ಹೋದರೆ ಸೂಚನೆಗಳೂ ಬದಲಾಗುತ್ತ ಹೋಗುತ್ತವೆ.

ಕನ್ನಡದವರ ಮಟ್ಟಿಗೆ ಇಲ್ಲೊಂದು ವಿಶೇಷವುಂಟು. ನಮ್ಮಲ್ಲಿ ಅನೇಕರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಕೆಲವರು ಪೂರ್ತಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಆದುದರಿಂದ ಪ್ರತಿಯೊಂದು ಪ್ರಶ್ನೆಯನ್ನೂ ಮೂರು ವೇಷಗಳಲ್ಲಿ ಪರೀಕ್ಷಿಸಬೇಕು:

```
ಕರಿಬೇವಿನ ಎಲೆ ಹಳದಿ
karibevu yele haladi
curry leaf plant new leaves yellow
```

ಮೂರಕ್ಕೂ ಒಂದೇ ಉತ್ತರಪುಟ ಬರುತ್ತದೆಂದು ಭಾವಿಸುವಂತಿಲ್ಲ. ಇಂಗ್ಲಿಷಿನ ಪುಟ ಪ್ರಪಂಚದ ತೋಟಗಾರಿಕೆಯ ತಾಣಗಳಿಂದ ತುಂಬಿ, ಕನ್ನಡದ ಪುಟ ಅರ್ಧ ಖಾಲಿಯಾಗಿ ತೋರುವುದು ಅಪರೂಪವಲ್ಲ. ಕನ್ನಡದಲ್ಲಿ ಬರೆಯುವ ಹೊಸಬರಿಗೆ ಇದು ದೊರೆತ ಅವಕಾಶ.

ಹೀಗೆ ನಲವತ್ತು ಪ್ರಶ್ನೆಗಳು ಕೂಡಿದವೆನ್ನೋಣ. ಪ್ರತಿಯೊಂದನ್ನೂ ಎಷ್ಟು ಮಂದಿ ಕೇಳುತ್ತಾರೆಂದು ತಿಳಿಯುವ ಕುತೂಹಲ ಸಹಜ. ಜಾಹೀರಾತುದಾರರಿಗಾಗಿ ಗೂಗಲ್ ಇಟ್ಟಿರುವ 'ಕೀವರ್ಡ್ ಪ್ಲಾನರ್' ಎಂಬ ಸಾಧನವು ಅಂಥ ಅಂಕಿಗಳನ್ನು ಕೊಡುತ್ತದೆ. ಆದರೆ ಜಾಹೀರಾತಿಗೆ ಹಣ ಸುರಿಯದವರಿಗೆ ಸಾಮಾನ್ಯವಾಗಿ ಸಿಕ್ಕುವುದು 'ಹತ್ತರಿಂದ ನೂರು', 'ನೂರರಿಂದ ಸಾವಿರ' ಎಂಬಂಥ ಅಗಲವಾದ ಅಂತರಗಳು. ಅವು ವರ್ಷದ ಸರಾಸರಿ. ಹತ್ತಿರದ ರೂಪಗಳನ್ನು ಒಂದಾಗಿ ಕೂಡಿಸಿರುವುದೂ ಉಂಟು. ಬಾಲದ ಮಾತುಗಳಿಗಂತೂ, ಅದರಲ್ಲಿಯೂ ಕನ್ನಡದ ಮಾತುಗಳಿಗೆ, ಹೆಚ್ಚಾಗಿ ಯಾವ ಅಂಕಿಯೂ ಇರುವುದಿಲ್ಲ. ಅಂಕಿಯಿಲ್ಲವೆಂದರೆ ಕೇಳುವವರಿಲ್ಲವೆಂದಲ್ಲ, ಆ ತಕ್ಕಡಿ ಅಷ್ಟು ಹಗುರವಾದುದನ್ನು ತೂಗಲಾರದು ಎಂದಷ್ಟೇ. ಚಿನ್ನದ ತಕ್ಕಡಿಯಲ್ಲಿ ತೂಗಬೇಕಾದುದನ್ನು ಸೌದೆಯ ತಕ್ಕಡಿಗೆ ಹಾಕಿದಂತಾಯಿತು. ಹಾಗೆಂದು ಅಂಕಿಯಿಲ್ಲದುದೆಲ್ಲವೂ ಬೇಡಿಕೆಯುಳ್ಳದ್ದು ಎಂದು ನಂಬುವುದೂ ತಪ್ಪು. ಶೋಧಪೆಟ್ಟಿಗೆ ತಾನಾಗಿ ಸೂಚಿಸಿದ ಮಾತಾದರೆ, ಇಲ್ಲವೆ ಪರಸ್ಪರ ಪರಿಚಯವಿಲ್ಲದ ಮೂರು ನಾಲ್ಕು ಮಂದಿ ಕೇಳಿದ್ದನ್ನು ನಾವೇ ಕಂಡಿದ್ದರೆ, ಕೇಳುವವರು ಇದ್ದಾರೆಂದು ಧೈರ್ಯವಾಗಿ ಹೇಳಬಹುದು.

ನಿಜವಾದ ನಿರ್ಧಾರ ಆಗುವುದು ಇದಾದ ಮೇಲೆ. ಎಷ್ಟು ಮಂದಿ ಕೇಳುತ್ತಾರೆ ಎಂಬುದಕ್ಕಿಂತ, ಮೊದಲ ಪುಟದಲ್ಲಿ ಈಗಾಗಲೇ ಯಾರು ನಿಂತಿದ್ದಾರೆ, ಅವರು ಕೇಳಿದ್ದಕ್ಕೇ ಉತ್ತರ ಕೊಟ್ಟಿದ್ದಾರೆಯೆ ಎಂಬುದು ಸಣ್ಣ ತಾಣಕ್ಕೆ ಮುಖ್ಯ. ಇದನ್ನು ಕಣ್ಣಾರೆ ಓದಿಯೇ ತಿಳಿಯಬೇಕು. ಪಟ್ಟಿಯಿಂದ ಮೂರು ಪ್ರಶ್ನೆಗಳನ್ನು ತೆಗೆದುಕೊಂಡು ನೋಡೋಣ.

ಮೊದಲನೆಯದು, 'ಕರಿಬೇವಿಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?' ಇದಕ್ಕೆ ಉತ್ತರ ಒಂದೇ ಸಾಲು. ಇಂಥ ಪ್ರಶ್ನೆಗಳಿಗೆ ಶೋಧಯಂತ್ರವೇ ಪುಟದ ನೆತ್ತಿಯಲ್ಲಿ ಉತ್ತರವನ್ನು ಬರೆದುಬಿಡುತ್ತದೆ. ಓದುಗ ಅದನ್ನು ನೋಡಿ ಹೊರಟುಹೋಗುತ್ತಾನೆ. ಕೇಳುವವರು ಎಷ್ಟೇ ಇದ್ದರೂ ಬರುವವರು ಕಡಮೆಯಾದುದರಿಂದ ಇದನ್ನು ಕೈಬಿಡಬೇಕು.

ಎರಡನೆಯದು, 'ಕುಂಡದಲ್ಲಿ ಬೆಳೆಸಲು ಒಳ್ಳೆಯ ಕರಿಬೇವಿನ ಸಸಿ'. ಇದನ್ನು ಹುಡುಕಿದಾಗ ಸಸಿ ಮಾರುವ ಅಂಗಡಿಗಳೇ ಸಾಲಾಗಿ ನಿಂತಿದ್ದರೆ, ಕೇಳುವವನ ಉದ್ದೇಶ ಕೊಳ್ಳುವುದು ಎಂದು ಯಂತ್ರ ತಿಳಿದುಕೊಂಡಿದೆಯೆಂದರ್ಥ. ಅಲ್ಲಿ ಲೇಖನಕ್ಕೆ ಎಡೆಯಿಲ್ಲ. ಲೇಖನ ಎಷ್ಟು ಚೆನ್ನಾಗಿದ್ದರೂ ಪೇಟೆಯಲ್ಲಿ ಪುರಾಣ ಓದಿದಂತಾಗುವುದು.

ಮೂರನೆಯದು, ಆಗಲೇ ಹೇಳಿದ ಬೋರ್ ನೀರಿನ ಪ್ರಶ್ನೆ. ಅವಳು ಮೊದಲ ಪುಟದ ಹತ್ತನ್ನೂ ತೆರೆದು ಓದಿದಳೆನ್ನೋಣ. ಐದು ಪುಟಗಳು 'ಎಲೆ ಹಳದಿಯಾಗಲು ಏಳು ಕಾರಣಗಳು' ಎಂಬ ಬಗೆಯವು. ಅವುಗಳಲ್ಲಿ ನೀರಿನ ಗುಣದ ಮಾತಿಲ್ಲ. ಎರಡು ವಿಡಿಯೋಗಳು, ಅವು ಗೊಬ್ಬರದ ವಿಚಾರ. ಎರಡು ಪುಟಗಳು ನಿಂಬೆಗಿಡವನ್ನು ಕುರಿತವು. ಇನ್ನೊಂದು ಚರ್ಚೆಯ ಪುಟ. ಅಲ್ಲಿ ಯಾರೋ ಇದೇ ಪ್ರಶ್ನೆಯನ್ನು ಕೇಳಿದ್ದಾರೆ, ಉತ್ತರ ಸಿಕ್ಕಿಲ್ಲ. ಯಂತ್ರವು ಸರಿಯಾದ ಉತ್ತರ ಸಿಕ್ಕದೆ ಹತ್ತಿರದವುಗಳನ್ನು ಬಾಚಿ ತುಂಬಿದೆಯೆಂಬುದಕ್ಕೆ ಇದು ಸ್ಪಷ್ಟ ಲಕ್ಷಣ. ಚರ್ಚೆಯ ಪುಟ ಕಂಡಿತೆಂಬುದನ್ನಷ್ಟೇ ನೆಚ್ಚಿಕೊಳ್ಳಬಾರದು. ೨೦೨೩ರಿಂದೀಚೆಗೆ ದೊಡ್ಡ ಚರ್ಚಾತಾಣಗಳು ಗೂಗಲಿನಲ್ಲಿ ಬಹಳ ಮೇಲೇರಿವೆ; ಅಲ್ಲಿನ ಉತ್ತರ ಪೂರ್ಣವಾಗಿದ್ದರೆ ಅದು ಪ್ರಬಲ ಎದುರಾಳಿಯೇ. ಒಳಗೆ ಉತ್ತರವಿದೆಯೇ ಇಲ್ಲವೇ ಎಂಬುದನ್ನು ನೋಡಬೇಕು.

ಇನ್ನೊಂದು ಮಾತು: ಈ ಪ್ರಶ್ನೆಗೆ ಅವಳ ಬಳಿ ಉತ್ತರವಿದೆ. ಗಡಸಾದ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ಲವಣಗಳಿರುತ್ತವೆ. ಅದನ್ನೇ ಸದಾ ಹಾಕುತ್ತಿದ್ದರೆ ಕುಂಡದ ಮಣ್ಣು ಕ್ಷಾರೀಯವಾಗಿ, ಅದರಲ್ಲಿರುವ ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಹಳೆಯ ಎಲೆಯಲ್ಲಿರುವ ಕಬ್ಬಿಣ ಹೊಸ ಎಲೆಗೆ ಸುಲಭವಾಗಿ ಸಾಗುವುದಿಲ್ಲವಾದುದರಿಂದ ಚಿಗುರೇ ಮೊದಲು ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕದ ಕೊರತೆಯಾದರೆ ಕೆಳಗಿನ ಮುದಿ ಎಲೆಗಳು ಮೊದಲು ಹಳದಿಯಾಗುತ್ತವೆ. ಅವಳು ಎರಡು ಕುಂಡಗಳನ್ನಿಟ್ಟು ಒಂದಕ್ಕೆ ಬೋರ್ ನೀರನ್ನೂ ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರನ್ನೂ ಹಾಕಿ, ವಾರವಾರವೂ ಚಿಗುರಿನ ಚಿತ್ರ ತೆಗೆದು ಪ್ರಕಟಿಸಬಹುದು. ಏಳು ಕಾರಣಗಳ ಪಟ್ಟಿ ಬರೆಯುವವರ ಬಳಿ ಆ ಚಿತ್ರಗಳಿರುವುದಿಲ್ಲ. ಮನ್ನಣೆಯಿಲ್ಲದ ತಾಣ ಸ್ಪರ್ಧಿಸಬಲ್ಲ ಜಾಗ ಇಂಥದು. ಲೇಖನದ ಶೀರ್ಷಿಕೆಯಲ್ಲಿ ಜನ ಬಳಸುವ 'ಬೋರ್ ನೀರು' ಎಂಬ ಮಾತೇ ಇರಲಿ. 'ಅಂತರ್ಜಲ' ಎಂದು ಬರೆದರೆ ಗಾಂಭೀರ್ಯ ಬಂದೀತು, ಓದುಗ ಬರಲಾರ.

ಲೇಖನ ಹೊರಬಿದ್ದ ಮೇಲೆ ಏನಾಯಿತೆಂಬುದನ್ನು ತಿಳಿಯಲು ಗೂಗಲಿನ 'ಸರ್ಚ್ ಕನ್ಸೋಲ್' ಎಂಬ ಉಚಿತ ಸಾಧನವಿದೆ. ಯಾವ ಮಾತಿಗೆ ನಮ್ಮ ಪುಟವನ್ನು ಎಷ್ಟು ಸಲ ತೋರಿಸಲಾಯಿತು, ಸರಾಸರಿ ಎಷ್ಟನೆಯ ಸ್ಥಾನದಲ್ಲಿ, ಎಷ್ಟು ಮಂದಿ ಒಳಗೆ ಬಂದರು ಎಂಬುದನ್ನು ಅದು ಹೇಳುತ್ತದೆ. ವೈದ್ಯನು ನಾಡಿ ಹಿಡಿದಂತೆ ಇದನ್ನು ಓದಲು ಕಲಿಯಬೇಕು. ಎರಡು ತಿಂಗಳಾದರೂ ಪುಟವನ್ನು ಒಂದು ಸಲವೂ ತೋರಿಸಿಲ್ಲವಾದರೆ, ಗೂಗಲ್ ಅದನ್ನು ತನ್ನ ಸೂಚಿಗೆ ಸೇರಿಸಿಯೇ ಇಲ್ಲದಿರಬಹುದು. ಸಾಧನದಲ್ಲಿಯೇ ಪುಟದ ವಿಳಾಸವನ್ನು ಕೊಟ್ಟು ವಿಚಾರಿಸಬೇಕು. ಸೂಚಿಯಲ್ಲಿದ್ದೂ ತೋರಿಸಿಲ್ಲವಾದರೆ ಕೇಳುವವರೇ ಇಲ್ಲದಿರಬಹುದು, ಇಲ್ಲವೆ ಪುಟವು ಯಾರೂ ತಲುಪದಷ್ಟು ಕೆಳಗಿರಬಹುದು. ಇನ್ನೂರು ಸಲ ತೋರಿಸಿದೆ, ಸ್ಥಾನ ಮಾತ್ರ ನಲವತ್ತರ ಆಚೆ ಎಂದಾದರೆ ಬೇಡಿಕೆಯ ಅಂದಾಜು ಸರಿ, ಎದುರಾಳಿಗಳ ಅಂದಾಜು ತಪ್ಪು. ಸ್ಥಾನ ನಾಲ್ಕನೆಯದಾದರೂ ಯಾರೂ ಒಳಗೆ ಬಾರದಿದ್ದರೆ, ಶೀರ್ಷಿಕೆ ಪ್ರಶ್ನೆಗೆ ಹೊಂದುತ್ತಿಲ್ಲ, ಇಲ್ಲವೆ ಉತ್ತರ ಪುಟದ ನೆತ್ತಿಯಲ್ಲಿಯೇ ಸಿಕ್ಕಿಬಿಡುತ್ತಿದೆ. ಒಂದೇ ಮಾತಿಗೆ ನಮ್ಮವೇ ಎರಡು ಪುಟಗಳು ಸರದಿಯಂತೆ ಕಾಣಿಸಿಕೊಳ್ಳುತ್ತ ಎರಡೂ ಮೇಲೇರದಿದ್ದರೆ, ಒಂದೇ ಪ್ರಶ್ನೆಗೆ ಎರಡು ಲೇಖನ ಬರೆದಿದ್ದೇವೆಂದು ತಿಳಿದು ಅವುಗಳನ್ನು ಬೆಸೆಯಬೇಕು.

ಈ ಸಾಧನದ ಒಂದು ಮಿತಿ ಬಾಲವನ್ನು ಹುಡುಕುವವರಿಗೇ ವಿಶೇಷವಾಗಿ ತಾಗುತ್ತದೆ. ತೀರ ಕೆಲವರೇ ಕೇಳಿದ ಮಾತುಗಳನ್ನು ಗೂಗಲ್ ಕೇಳಿದವರ ಗೋಪ್ಯತೆಯ ದೃಷ್ಟಿಯಿಂದ ಮರೆಮಾಡುತ್ತದೆ. ಆದುದರಿಂದ ಮೇಲಿನ ಮೊತ್ತದಲ್ಲಿ ಮೂವತ್ತು ಓದುಗರು ಬಂದರೆಂದಿದ್ದು, ಕೆಳಗಿನ ಸಾಲುಗಳನ್ನು ಕೂಡಿದರೆ ಹದಿನೈದೇ ಆಗಬಹುದು. ಲೆಕ್ಕ ತಪ್ಪಿಲ್ಲ, ಉಳಿದ ಹದಿನೈದು ಮಂದಿ ಬಾಲದ ತುದಿಯಿಂದ ಬಂದವರು, ಅವರ ಮಾತು ನಮಗೆ ಕಾಣದು.

ಕಾಣುವ ಸಾಲುಗಳಲ್ಲಿ ನಾವು ಊಹಿಸಿರದ ಪ್ರಶ್ನೆಗಳು ಇಣುಕುತ್ತವೆ. ಬೋರ್ ನೀರಿನ ಲೇಖನಕ್ಕೆ 'ಕರಿಬೇವಿಗೆ ಹುಳಿ ಮಜ್ಜಿಗೆ' ಎಂದು ಕೇಳಿದವರು ಬಂದು, ಆ ಮಾತಿಗೆ ಸ್ಥಾನ ಇಪ್ಪತ್ತೈದರ ಸುಮಾರಿನಲ್ಲಿದ್ದರೆ, ಯಂತ್ರ ಅವಳ ಪುಟವನ್ನು ಸಂಬಂಧಪಟ್ಟದ್ದೆಂದು ಒಪ್ಪಿದೆ, ಆದರೆ ಪೂರ್ಣ ಉತ್ತರವೆಂದು ಒಪ್ಪಿಲ್ಲ. ಮಜ್ಜಿಗೆಯ ಹುಳಿ ಮಣ್ಣಿನ ಕ್ಷಾರವನ್ನು ಎಷ್ಟರಮಟ್ಟಿಗೆ ತಗ್ಗಿಸಬಲ್ಲದು ಎಂಬುದು ಅವಳ ಮುಂದಿನ ಲೇಖನವಾಗಬಹುದು; ಎರಡು ಲೇಖನಗಳ ನಡುವೆ ಕೊಂಡಿಯಿರಬೇಕು.

ಇಂಥ ಲೇಖನವೊಂದಕ್ಕೆ ತಿಂಗಳಿಗೆ ಇಪ್ಪತ್ತು ಓದುಗರೆಂದು ಹಿಡಿದರೂ ಇಪ್ಪತ್ತನಾಲ್ಕಕ್ಕೆ ಐನೂರು ಮುಟ್ಟುವುದಿಲ್ಲ. ಜಾಹೀರಾತಿನಿಂದ ಹಣ ಗಳಿಸಬೇಕೆನ್ನುವವರಿಗೆ ಇದು ಏನೇನೂ ಸಾಲದು. ಆದರೆ ಅವರಲ್ಲಿ ಒಬ್ಬರೋ ಇಬ್ಬರೋ ತಮ್ಮ ಬರಹದಲ್ಲಿ ಅವಳ ಪುಟಕ್ಕೆ ಕೊಂಡಿ ಹಾಕಿಯಾರು. ಅವಳಿಗಿಲ್ಲದಿದ್ದ ಮತಗಳು ಬೀಳತೊಡಗುವುದು ಹೀಗೆಯೇ. 'ಕರಿಬೇವಿನ ಎಲೆ ಹಳದಿ' ಎಂಬ ದೊಡ್ಡ ಪ್ರಶ್ನೆಗೆ ಅವಳ ಪುಟ ಅರವತ್ತನೆಯ ಸ್ಥಾನದಿಂದ ಮೂವತ್ತಕ್ಕೆ, ಮೂವತ್ತರಿಂದ ಹದಿನೈದಕ್ಕೆ ಸರಿಯುತ್ತಿರುವುದನ್ನು ಸರ್ಚ್ ಕನ್ಸೋಲ್ ತೋರಿಸಿದ ತಿಂಗಳು, ಆ ದೊಡ್ಡ ಪ್ರಶ್ನೆಯ ಮೇಲೆಯೇ ಒಂದು ಲೇಖನ ಬರೆದು ಸಣ್ಣ ಲೇಖನಗಳೆಲ್ಲದರಿಂದಲೂ ಅದಕ್ಕೆ ಕೊಂಡಿ ಕೊಡಬಹುದು. ಅದಕ್ಕೆ ಮುಂಚೆ ಬರೆದರೆ ಅದು 'ಕರಿಬೇವು ಬೆಳೆಯುವ ವಿಧಾನ'ದ ಪಕ್ಕದಲ್ಲಿಯೇ ಹೋಗಿ ಕೂತೀತು.